ಮೊದಲ ಸಿಂಗಲ್‌ಗೆ ಮುನ್ನ: ವಾರವಿಡೀ ಕೂತವರ ವಾರ್ಮ್ ಅಪ್

(ವಾರಾಂತ್ಯದಲ್ಲಿ ಕ್ರಿಕೆಟ್ ಆಡುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಹೆಚ್ಚಾಗಿ ತೊಡೆಯ ಹಿಂಭಾಗದ ಸ್ನಾಯುಗಳ ಬಗ್ಗೆ, ಅಂದರೆ ನೀವೆಲ್ಲ ಹ್ಯಾಮ್‌ಸ್ಟ್ರಿಂಗ್ ಅನ್ನುವ ಜಾಗದ ಬಗ್ಗೆ. ಭುಜ, ಬೆನ್ನು, ಮೀನಖಂಡ ಎಲ್ಲವೂ ನಡುವೆ ಬಂದು ಹೋಗುತ್ತವೆ. ಆದರೆ ವಾರವಿಡೀ ಕುರ್ಚಿಯಲ್ಲಿ ಕೂತು ರಜೆಯ ದಿನ ಮೈದಾನಕ್ಕಿಳಿಯುವವರು ಫಿಸಿಯೊಥೆರಪಿಗೆಂದು ನನ್ನ ಬಳಿ ಕುಂಟುತ್ತಾ ಬಂದಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಆಗಷ್ಟೇ ಬ್ಯಾಟಿಂಗ್‌ಗೆ ಹೋಗಿದ್ದೆ. ಒಂದು ರನ್ ಕದಿಯೋಣ ಅಂತ ಓಡಿದೆ. ಹಿಂದೆ ಯಾರೋ ಚುಚ್ಚಿದ ಹಾಗಾಯ್ತು."

ವಾರ್ಮ್ ಅಪ್ ಮಾಡಿದ್ದಿರಾ ಎಂದು ಕೇಳಿದರೆ ಬಹಳ ಜನ ಹೌದು ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಬೆಳಿಗ್ಗೆ ಎಲ್ಲರ ಜೊತೆ ಒಂದು ಸುತ್ತು ಓಡಿದ್ದಾರೆ, ಕೈ ತಿರುಗಿಸಿದ್ದಾರೆ, ಬಗ್ಗಿ ಕಾಲ್ಬೆರಳು ಮುಟ್ಟಿದ್ದಾರೆ, ವೃತ್ತದಲ್ಲಿ ನಿಂತು ಹತ್ತು ಕ್ಯಾಚ್ ಹಿಡಿದಿದ್ದಾರೆ. ಆದರೂ ಸ್ನಾಯು ಹರಿದಿದೆ. ಇದಕ್ಕೆ ಎರಡು ಕಾರಣಗಳಿವೆ. ಆ ವಾರ್ಮ್ ಅಪ್‌ನಲ್ಲಿ ಎಲ್ಲಿಯೂ ಜೋರಾಗಿ ಓಡಿರಲಿಲ್ಲ. ಅದು ಮುಗಿದು ಮುಕ್ಕಾಲು ಗಂಟೆಯ ಮೇಲಾಗಿತ್ತು. ನಾನು ಈಗ ಹೇಳುವುದೆಲ್ಲ ಈ ಎರಡು ಕೊರತೆಗಳನ್ನು ತುಂಬುವ ಬಗೆ.

ಮೊದಲು ಆ ಸ್ನಾಯುವಿಗೆ ಏನಾಗುತ್ತದೆ ಎಂದು ನೋಡೋಣ. ನೀವು ಕೂತಾಗ ಕುರ್ಚಿಗೆ ಒತ್ತುವ ಮೂಳೆ ಇದೆಯಲ್ಲ, ಹ್ಯಾಮ್‌ಸ್ಟ್ರಿಂಗ್ ಅಲ್ಲಿಂದ ಹೊರಟು ಮಂಡಿಯ ಕೆಳಗೆ ಅಂಟಿಕೊಳ್ಳುತ್ತದೆ. ಅಂದರೆ ಅದು ಸೊಂಟದ ಕೀಲನ್ನೂ ದಾಟುತ್ತದೆ, ಮಂಡಿಯ ಕೀಲನ್ನೂ ದಾಟುತ್ತದೆ. ಜೋರಾಗಿ ಓಡುವಾಗ ಕಾಲು ಮುಂದಕ್ಕೆ ಬೀಸುತ್ತದೆ, ಮಂಡಿ ಬಿಚ್ಚಿಕೊಳ್ಳುತ್ತದೆ, ಪಾದ ಇನ್ನೇನು ನೆಲ ಮುಟ್ಟಬೇಕು. ಆ ಗಳಿಗೆಯಲ್ಲಿ ಬೀಸಿ ಬರುತ್ತಿರುವ ಕಾಲಿಗೆ ಬ್ರೇಕ್ ಹಾಕುವ ಕೆಲಸ ಹ್ಯಾಮ್‌ಸ್ಟ್ರಿಂಗ್‌ನದು. ಒಂದು ಕಡೆ ಅದು ಉದ್ದಕ್ಕೆ ಎಳೆಯಲ್ಪಡುತ್ತಿರುತ್ತದೆ, ಇನ್ನೊಂದು ಕಡೆ ಪೂರ್ತಿ ಬಲ ಹಾಕಿ ಹಿಡಿಯುತ್ತಲೂ ಇರಬೇಕು. ಓಟದಲ್ಲಿ ಹರಿಯುವ ಸ್ನಾಯು ಹೆಚ್ಚಾಗಿ ಹರಿಯುವುದು ಆಗಲೇ. ವೇಗ ಹೆಚ್ಚಿದಂತೆ ಈ ಬ್ರೇಕಿನ ಮೇಲಿನ ಹೊರೆ ಬಹಳ ಕಡಿದಾಗಿ ಏರುತ್ತದೆ. ನಿಧಾನವಾಗಿ ಜಾಗ್ ಮಾಡುವಾಗ ಆ ಹೊರೆ ಏನೂ ಅಲ್ಲ. ಹಾಗಾಗಿ ಮೈದಾನಕ್ಕೆ ಎರಡು ಸುತ್ತು ಜಾಗ್ ಮಾಡಿದ ಮಾತ್ರಕ್ಕೆ ಸ್ಪ್ರಿಂಟ್‌ಗೆ ತಯಾರಾದಂತೆ ಆಗುವುದಿಲ್ಲ.

ಕ್ರಿಕೆಟ್ ಇದಕ್ಕೆ ತನ್ನದೇ ಒಂದು ತೊಂದರೆ ಸೇರಿಸುತ್ತದೆ. ಒಂದು ತುದಿಯ ಪಾಪಿಂಗ್ ಕ್ರೀಸ್‌ನಿಂದ ಇನ್ನೊಂದು ತುದಿಯ ಪಾಪಿಂಗ್ ಕ್ರೀಸ್‌ಗೆ 58 ಅಡಿ, ಅಂದರೆ 17.68 ಮೀಟರ್. ಈ ಚಿಕ್ಕ ದೂರದ ಕೊನೆಯ ಎರಡು ಮೂರು ಹೆಜ್ಜೆಗಳಲ್ಲಿ ಬ್ಯಾಟರ್ ಏನು ಮಾಡುತ್ತಾನೆ ಗಮನಿಸಿ. ವೇಗ ಏರಿರುತ್ತದೆ. ಬ್ಯಾಟನ್ನು ನೆಲಕ್ಕೆ ತಾಗಿಸಿ ಜಾರಿಸಬೇಕೆಂದು ಸೊಂಟದಿಂದ ಮುಂದಕ್ಕೆ ಬಗ್ಗುತ್ತಾನೆ. ಅದೇ ಹೊತ್ತಿಗೆ ಕಾಲನ್ನು ಉದ್ದಕ್ಕೆ ಚಾಚುತ್ತಾನೆ. ಮೈ ಬಗ್ಗಿದಾಗ ಹ್ಯಾಮ್‌ಸ್ಟ್ರಿಂಗ್‌ನ ಮೇಲಿನ ತುದಿ ಮೇಲಕ್ಕೆ ಹೋಗುತ್ತದೆ, ಕಾಲು ಚಾಚಿದಾಗ ಕೆಳಗಿನ ತುದಿ ದೂರ ಹೋಗುತ್ತದೆ. ಓಟದಲ್ಲಿ ಸಹಜವಾಗಿ ಬರುವುದಕ್ಕಿಂತ ಹೆಚ್ಚು ಎಳೆತ, ಅದೂ ವೇಗ ಏರಿದ ಹೊತ್ತಿನಲ್ಲಿ. ವಾರ್ಮ್ ಅಪ್‌ನಲ್ಲಿ ಈ ಬಗ್ಗಿ ಚಾಚುವ ಚಲನೆಯನ್ನು ಅಭ್ಯಾಸ ಮಾಡಿದ ವಾರಾಂತ್ಯದ ಆಟಗಾರರನ್ನು ನಾನು ಕಂಡಿದ್ದು ತೀರಾ ಕಡಿಮೆ.

ಇನ್ನು ಕೂತಿರುವುದರ ವಿಷಯ. ಕೂತು ಕೂತು ಸ್ನಾಯು ಗಿಡ್ಡವಾಗಿಬಿಟ್ಟಿದೆ, ಅದನ್ನು ಎಳೆದು ಉದ್ದ ಮಾಡಿದರೆ ಸಾಕು ಎಂಬ ನಂಬಿಕೆ ಬಹಳ ಜನಕ್ಕಿದೆ. ನಾನು ಅದನ್ನು ಮುಖ್ಯ ಕಾರಣ ಅಂತ ಒಪ್ಪುವುದಿಲ್ಲ. ವಾರವಿಡೀ ಕೂತವರ ನಿಜವಾದ ಕೊರತೆ ಏನೆಂದರೆ, ಆ ಏಳು ದಿನಗಳಲ್ಲಿ ಅವರ ಕಾಲು ಒಮ್ಮೆಯೂ ಪೂರ್ತಿ ವೇಗಕ್ಕೆ ಹೋಗಿಲ್ಲ. ಬಸ್ ಹಿಡಿಯಲು ಓಡಿದ್ದರೆ ಅದೇ ದೊಡ್ಡದು. ಎಳೆಯುತ್ತಲೇ ಬಲ ಹಾಕುವ ಕೆಲಸವನ್ನು ಮರೆತಿರುವ ಸ್ನಾಯುವಿಗೆ ಆ ಕೆಲಸವನ್ನೇ ಹಂತಹಂತವಾಗಿ ಕೊಡಬೇಕು.

ಸ್ನಾಯುವಿನ ಬಿಸಿಯ ಬಗ್ಗೆ ಒಂದು ಮಾತು ಹೇಳಿ ಕ್ರಮಕ್ಕೆ ಬರುತ್ತೇನೆ. ಸುಮ್ಮನಿರುವಾಗ ತೊಡೆಯ ಸ್ನಾಯುವಿನ ಉಷ್ಣತೆ ಸುಮಾರು 35-36 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಓಡಾಡಲು ತೊಡಗಿದ ಮೊದಲ 5 ನಿಮಿಷಗಳಲ್ಲಿ ಅದು ಬೇಗ ಏರುತ್ತದೆ, 10ರಿಂದ 20 ನಿಮಿಷಗಳಲ್ಲಿ 38ರ ಆಸುಪಾಸಿಗೋ ಅದರಾಚೆಗೋ ಹೋಗಿ ನಿಲ್ಲುತ್ತದೆ. ಬಿಸಿಯಾದ ಸ್ನಾಯು ಬೇಗ ಸಂಕುಚಿಸುತ್ತದೆ, ಸುಲಭವಾಗಿ ಎಳೆತಕ್ಕೆ ಒದಗುತ್ತದೆ. ಆದರೆ ಕೂತರೆ ಈ ಬಿಸಿ ನಿಲ್ಲುವುದಿಲ್ಲ. ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನದಲ್ಲಿ ಅರ್ಧ ಆಟದ ವಿರಾಮದಲ್ಲಿ ಸುಮ್ಮನೆ ಕೂತವರ ತೊಡೆಯ ಸ್ನಾಯು ಸುಮಾರು 2 ಡಿಗ್ರಿ ತಣ್ಣಗಾಗಿ, ಅವರ ಸ್ಪ್ರಿಂಟ್ ವೇಗವೂ ಕುಗ್ಗಿತ್ತು. ಅದೇ ವಿರಾಮದಲ್ಲಿ ಕೆಲವು ನಿಮಿಷ ಸಾಧಾರಣ ವೇಗದಲ್ಲಿ ಓಡಿದವರ ವೇಗ ಹಾಗೆಯೇ ಉಳಿದಿತ್ತು. ಫುಟ್‌ಬಾಲ್‌ನಲ್ಲಿ ಆ ವಿರಾಮ 15 ನಿಮಿಷ. ಕ್ರಿಕೆಟ್‌ನಲ್ಲಿ ಐದನೇ ಕ್ರಮಾಂಕದ ಬ್ಯಾಟರ್ ಒಂದು ಗಂಟೆ ಕೂತಿರಬಹುದು.

ಈಗ ಪಂದ್ಯಕ್ಕೆ ಮುಂಚಿನ ಇಪ್ಪತ್ತು ನಿಮಿಷ.

ಮೊದಲ ಐದು ನಿಮಿಷ ಮೈ ಬಿಸಿ ಮಾಡಲು ಮಾತ್ರ. ಬಿರುಸಿನ ನಡಿಗೆಯಿಂದ ಶುರು ಮಾಡಿ ಜಾಗಿಂಗ್‌ಗೆ ಬನ್ನಿ. ನಡುನಡುವೆ ಪಕ್ಕಕ್ಕೆ ಹೆಜ್ಜೆ ಹಾಕಿ, ಸ್ವಲ್ಪ ದೂರ ಹಿಂದಕ್ಕೂ ಓಡಿ. ಸಾಕಾಯಿತೇ ಎಂದು ತಿಳಿಯಲು ಗಡಿಯಾರಕ್ಕಿಂತ ಮೈ ಒಳ್ಳೆಯ ಅಳತೆ: ಹಣೆಯಲ್ಲಿ ಬೆವರು ಕಾಣಿಸಬೇಕು, ಉಸಿರು ಜೋರಾಗಿರಬೇಕು, ಆದರೆ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಚಳಿ ಇದ್ದರೆ ಸ್ವೆಟರ್ ತೆಗೆಯಬೇಡಿ, ಎರಡು ನಿಮಿಷ ಹೆಚ್ಚು ಓಡಿ.

ಮುಂದಿನ ಐದಾರು ನಿಮಿಷ ಸೊಂಟ, ಮಂಡಿ, ಹಿಮ್ಮಡಿಗಳನ್ನು ಪೂರ್ತಿ ಆಡಿಸುವುದು. ಜೊತೆಗಾರನ ಹೆಗಲು ಹಿಡಿದು ಒಂದೊಂದು ಕಾಲನ್ನೂ ಹಿಂದೆ ಮುಂದೆ ಹತ್ತು ಸಲ ಬೀಸಿ. ಮೊದಲ ಬೀಸು ಚಿಕ್ಕದಾಗಿರಲಿ, ಹತ್ತನೆಯದು ದೊಡ್ಡದಾಗಲಿ. ಆಮೇಲೆ ಉದ್ದ ಹೆಜ್ಜೆಯಿಟ್ಟು ಮಂಡಿ ಮಡಿಸಿ ಇಳಿಯುತ್ತಾ ಹತ್ತು ಹೆಜ್ಜೆ ಮುಂದೆ ಹೋಗಿ. ಕುರ್ಚಿಯಲ್ಲಿ ಕೂರುವ ಹಾಗೆ ಇಳಿದು ಏಳುವುದು ಹತ್ತು ಸಲ. ಮುಂಗಾಲಿನ ಮೇಲೆ ಏರಿ ಇಳಿಯುವುದು ಹದಿನೈದು ಸಲ. ನಲವತ್ತು ದಾಟಿದವರು ಈ ಕೊನೆಯದನ್ನು ಬಿಡಲೇಬಾರದು. ಮೀನಖಂಡದ ಸ್ನಾಯು, ಹಿಮ್ಮಡಿಯ ಹಿಂದಿನ ದಪ್ಪ ನರದಂಥ ಅಕಿಲಿಸ್ ಸ್ನಾಯುರಜ್ಜು, ಇವೆರಡೂ ಈ ವಯಸ್ಸಿನವರಲ್ಲಿ ಸುಲಭವಾಗಿ ಪೆಟ್ಟು ತಿನ್ನುವ ಜಾಗಗಳು.

ಈ ಭಾಗದಲ್ಲಿ ಒಂದು ವ್ಯಾಯಾಮದ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಅದನ್ನು ತಪ್ಪಾಗಿ ಮಾಡುವವರೇ ಹೆಚ್ಚು. ಒಂಟಿ ಕಾಲಿನ ಮೇಲೆ ನಿಂತು ಸೊಂಟದಿಂದ ಬಗ್ಗುವುದು. ಬಲಗಾಲಿನ ಮೇಲೆ ನಿಲ್ಲಿ, ಮಂಡಿ ಸ್ವಲ್ಪ ಸಡಿಲವಿರಲಿ. ಎಡಗಾಲನ್ನು ಹಿಂದಕ್ಕೆ ಚಾಚುತ್ತಾ ಎದೆಯನ್ನು ಮುಂದಕ್ಕೆ ಬಾಗಿಸಿ. ಬೆನ್ನು ನೇರ ಇರಬೇಕು. ಬಾಗುವುದು ಸೊಂಟದ ಕೀಲಿನಲ್ಲಿ, ಬೆನ್ನಿನಲ್ಲಿ ಅಲ್ಲ. ಸರಿಯಾಗಿ ಮಾಡಿದರೆ ನಿಂತ ಕಾಲಿನ ತೊಡೆಯ ಹಿಂಭಾಗ ಬಿಗಿಯುವುದು ಗೊತ್ತಾಗುತ್ತದೆ. ಸೊಂಟದ ಹಿಂಭಾಗದ ಬೆನ್ನಿನಲ್ಲಿ ಎಳೆತ ಬಂದರೆ ನೀವು ಗೂನು ಹಾಕುತ್ತಿದ್ದೀರಿ. ಬ್ಯಾಟನ್ನು ಬೆನ್ನುಹುರಿಯ ಉದ್ದಕ್ಕೆ ಹಿಡಿದು ನೋಡಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಪೃಷ್ಠ ಈ ಮೂರೂ ಕಡೆ ಬ್ಯಾಟ್ ತಾಗಿಕೊಂಡೇ ಇದ್ದರೆ ಬೆನ್ನು ನೇರ ಇದೆ ಅಂತ ಅರ್ಥ. ಒಂದೊಂದು ಕಾಲಿಗೆ ಆರು ಸಲ, ಇಳಿಯುವಾಗ ಮನಸ್ಸಿನಲ್ಲಿ ಮೂರು ಎಣಿಸುವಷ್ಟು ನಿಧಾನ. ಹ್ಯಾಮ್‌ಸ್ಟ್ರಿಂಗ್ ಉದ್ದವಾಗುತ್ತಲೇ ಬಲ ಹಾಕುವುದನ್ನು ಇಲ್ಲಿ ನಿಧಾನಗತಿಯಲ್ಲಿ ಮಾಡಿದಂತಾಯಿತು. ಇದನ್ನೇ ಮುಂದೆ ವೇಗದಲ್ಲಿ ಮಾಡಬೇಕು.

ಹನ್ನೊಂದನೇ ನಿಮಿಷದಿಂದ ಓಟದ ಏಣಿ. ನನ್ನ ಪ್ರಕಾರ ಇಡೀ ವಾರ್ಮ್ ಅಪ್‌ನ ತಿರುಳು ಇದು. ಬೇರೆ ಏನನ್ನಾದರೂ ಬಿಡಬೇಕಾದರೆ ಬಿಡಿ, ಇದನ್ನು ಬಿಡಬೇಡಿ. ಔಟ್‌ಫೀಲ್ಡ್‌ನಲ್ಲಿ ಗುಂಡಿಯಿಲ್ಲದ ಸಮತಟ್ಟು ಜಾಗ ನೋಡಿ, 30 ಹೆಜ್ಜೆಯಳತೆಯಷ್ಟು ದೂರದಲ್ಲಿ ಎರಡು ಬ್ಯಾಗ್ ಇಡಿ. ಎರಡನೇ ಬ್ಯಾಗಿನಾಚೆ ನಿಧಾನವಾಗಿ ನಿಲ್ಲಲು ಇನ್ನೊಂದು 15 ಹೆಜ್ಜೆಯಷ್ಟು ಜಾಗ ಇರಲಿ. ಆರು ಓಟ. ಮೊದಲನೆಯದು ನಿಮ್ಮ ಪೂರ್ತಿ ವೇಗದ ಅರ್ಧದಷ್ಟು, ಎರಡನೆಯದು ನೂರಕ್ಕೆ 60, ಆಮೇಲೆ 70, 80, 85, ಕೊನೆಯದು 90. ಪ್ರತಿ ಓಟದ ನಂತರ ನಡೆದುಕೊಂಡು ವಾಪಸ್ ಬನ್ನಿ, ಉಸಿರು ಸುಧಾರಿಸಲು ಅಷ್ಟು ಸಾಕು. ಪ್ರತಿ ಓಟದಲ್ಲೂ ಮೊದಲ ಮೂರನೇ ಒಂದು ಭಾಗ ವೇಗ ಏರಿಸಲು, ನಡುವಿನ ಭಾಗ ಆ ವೇಗ ಹಿಡಿದಿಡಲು, ಕೊನೆಯದು ಇಳಿಸಲು ತೊಡಗಲು. ಗೆರೆ ದಾಟಿದ ಕೂಡಲೇ ಗಕ್ಕನೆ ನಿಲ್ಲಬೇಡಿ.

ನೂರಕ್ಕೆ 90 ಅಂದರೆ ಎಷ್ಟು ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಓಡುವಾಗ ದವಡೆ, ಹೆಗಲು ಬಿಗಿಹಿಡಿದಿದ್ದರೆ ನೀವು 100ರಲ್ಲಿದ್ದೀರಿ. ಮುಖ ಸಡಿಲವಾಗಿದ್ದು, ಹೆಜ್ಜೆ ಚುರುಕಾಗಿದ್ದು, ಇನ್ನೂ ಒಂದು ಚೂರು ಕೈಯಲ್ಲಿದೆ ಅನ್ನಿಸಿದರೆ ಅದು 90. ಅಷ್ಟು ಬೇಕೇ ಬೇಕು. 70ಕ್ಕೆ ನಿಲ್ಲಿಸಿದರೆ ಪಂದ್ಯದ ಮೊದಲ ಸಿಂಗಲ್ಲೇ ನಿಮ್ಮ ದಿನದ ಮೊದಲ ಸ್ಪ್ರಿಂಟ್ ಆಗುತ್ತದೆ. ಅದನ್ನು ತಪ್ಪಿಸಲೆಂದೇ ಈ ಏಣಿ.

ಏಣಿಗೆ ಒಂದು ನಿಯಮ ಇದೆ. ಯಾವುದಾದರೂ ಮೆಟ್ಟಿಲಲ್ಲಿ ತೊಡೆಯ ಹಿಂದೆ ಒಂದೇ ಜಾಗದಲ್ಲಿ ಚುರುಕ್ ಅಂದರೆ ಮುಂದಿನ ಮೆಟ್ಟಿಲಿಗೆ ಹೋಗಬೇಡಿ, ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಓಡಿ. ಏನೂ ಅನ್ನಿಸದಿದ್ದರೆ ಮುಂದುವರಿಸಿ. ಮತ್ತೆ ಅದೇ ಜಾಗದಲ್ಲಿ ಹಾಗೆಯೇ ಆದರೆ ಆ ದಿನ ನಿಮ್ಮ ವೇಗ ಅಲ್ಲಿಗೇ ಮುಗಿಯಿತು. ಕ್ಯಾಪ್ಟನ್‌ಗೆ ಹೇಳಿ ಸ್ಲಿಪ್‌ನಲ್ಲಿ ನಿಲ್ಲಿ, ಓಡಿ ಬಂದು ಬೌಲ್ ಮಾಡಬೇಡಿ. ಎರಡೂ ತೊಡೆಗಳಲ್ಲಿ ಸಮನಾಗಿ ಇರುವ ಬಿಗಿತ ಬೇರೆ. ಅದು ಓಡುತ್ತಾ ಓಡುತ್ತಾ ಬಿಡುತ್ತದೆ.

ಕೊನೆಯ ಮೂರ್ನಾಲ್ಕು ನಿಮಿಷ ಕ್ರಿಕೆಟ್‌ಗೆ. ಬ್ಯಾಟ್ ಹಿಡಿದು 18 ಮೀಟರ್ ಓಡಿ, ಬಗ್ಗಿ ಬ್ಯಾಟ್ ಜಾರಿಸಿ, ತಿರುಗಿ ವಾಪಸ್. ಮೊದಲು ಅರ್ಧ ವೇಗದಲ್ಲಿ, ಆಮೇಲೆ 80ರಲ್ಲಿ. ಒಮ್ಮೆ ಬಲಕ್ಕೆ ತಿರುಗಿ, ಒಮ್ಮೆ ಎಡಕ್ಕೆ. ಬ್ಯಾಟ್ ಜಾರಿಸಲು ಕ್ರೀಸ್‌ಗೆ ಮೂರು ಹೆಜ್ಜೆ ಇರುವಾಗಲೇ ಮಂಡಿ ಮಡಿಸಿ ಮೈ ತಗ್ಗಿಸಿ. ಕಾಲು ನೀಟಾಗಿಟ್ಟು ಸೊಂಟ ಮಾತ್ರ ಬಗ್ಗಿಸಬೇಡಿ. ಹ್ಯಾಮ್‌ಸ್ಟ್ರಿಂಗ್‌ಗೆ ಹೊರೆ ಕಡಿಮೆಯಾಗುತ್ತದೆ, ತಿರುಗುವುದೂ ಬೇಗ ಆಗುತ್ತದೆ.

ಎಸೆತಕ್ಕೂ ಇದೇ ಲೆಕ್ಕ. ಕ್ರಿಕೆಟ್ ಚೆಂಡಿನ ತೂಕ ಹತ್ತಿರಹತ್ತಿರ 160 ಗ್ರಾಂ. ಬೌಂಡರಿಯಿಂದ ಅದನ್ನು ಜೋರಾಗಿ ಎಸೆಯುವಾಗ ಬಿಟ್ಟ ಮೇಲೂ ಬೀಸುತ್ತಿರುವ ಕೈಯನ್ನು ಹಿಡಿದು ನಿಲ್ಲಿಸುವುದು ಭುಜದ ಹಿಂದಿನ ಸಣ್ಣ ಸ್ನಾಯುಗಳು. 10 ಮೀಟರ್‌ನಿಂದ ಆರು, 20ರಿಂದ ಆರು, 35ರಿಂದ ನಾಲ್ಕು ಎಸೆತ ಸಾಕು. ಎಸೆಯುವಾಗ ಕಾಲು ಮುಂದಿಟ್ಟು ಸೊಂಟ ತಿರುಗಿಸಿ, ಬರೀ ರಟ್ಟೆಯಿಂದ ಎಸೆಯಬೇಡಿ. ಮೊದಲ ಎಸೆತವೇ 50 ಮೀಟರ್ ಎಸೆದು ಭುಜ ಹಿಡಿದುಕೊಂಡವರು ನಿಮ್ಮ ತಂಡದಲ್ಲೂ ಇದ್ದಾರು.

ವೇಗದ ಬೌಲರ್‌ಗಳು ಇನ್ನೊಂದಿಷ್ಟು ಮಾಡಬೇಕು. ಮುಂಗಾಲು ನೆಲಕ್ಕೆ ಬಡಿಯುವಾಗ ದೇಹದ ತೂಕದ ಹಲವು ಪಟ್ಟು ಬಲ ಆ ಕಾಲಿನಿಂದ ಸೊಂಟ, ಬೆನ್ನಿಗೆ ಏರುತ್ತದೆ. ಹಾಗಾಗಿ ಎರಡು ಮೂರು ಚೆಂಡು ನಡೆದು ಬಂದು, ನಾಲ್ಕು ಅರ್ಧ ರನ್‌ಅಪ್‌ನಲ್ಲಿ, ಕೊನೆಗೆ ನಾಲ್ಕೈದು ಪೂರ್ತಿ ರನ್‌ಅಪ್‌ನಲ್ಲಿ. ಇದನ್ನು ಔಟ್‌ಫೀಲ್ಡ್‌ನಲ್ಲಿ ಮಾಡಿ. ಪಂದ್ಯದ ದಿನ ಆಡುವ ಪಿಚ್ ಮೇಲೆ ಅಭ್ಯಾಸ ಮಾಡಲು ಕ್ರಿಕೆಟ್‌ನ ನಿಯಮವೇ ಬಿಡುವುದಿಲ್ಲ. ಹದಿನಾರನೇ ಓವರ್‌ಗೆ ಚೆಂಡು ಕೈಗೆ ಬರುವ ಬೌಲರ್ ಎರಡು ಓವರ್ ಮೊದಲೇ ಮಿಡ್ ಆನ್‌ನಲ್ಲಿ ನಿಂತೇ ಕಾಲು ಬೀಸಿ, ಓವರ್‌ಗಳ ನಡುವೆ ಒಂದೆರಡು ಓಟ ಓಡಿಕೊಳ್ಳಲಿ. ಒಳ್ಳೆಯ ಕ್ಯಾಪ್ಟನ್ ಆದರೆ ಬೌಲರ್‌ಗೆ ಮುಂಚೆಯೇ ಹೇಳಿಟ್ಟಿರುತ್ತಾನೆ.

ಈಗ ಆ ಮುಕ್ಕಾಲು ಗಂಟೆಯ ಪ್ರಶ್ನೆಗೆ ಬರೋಣ. ಒಬ್ಬ ಆಟಗಾರನನ್ನು ಊಹಿಸಿಕೊಳ್ಳಿ. ವಯಸ್ಸು 42, ಕಂಪ್ಯೂಟರ್ ಮುಂದಿನ ಕೆಲಸ, 20 ಓವರ್‌ಗಳ ಪಂದ್ಯದಲ್ಲಿ ಐದನೇ ಕ್ರಮಾಂಕ. ಎರಡು ವರ್ಷದ ಹಿಂದೆ ಬಲತೊಡೆಯ ಹಿಂಭಾಗ ಒಮ್ಮೆ ಹರಿದಿತ್ತು. ಒಮ್ಮೆ ಹರಿದವರಿಗೆ ಮತ್ತೆ ಹರಿಯುವ ಅಪಾಯ ಉಳಿದವರಿಗಿಂತ ಹೆಚ್ಚು. ಹಾಗಾಗಿ ಇಲ್ಲಿ ಅಸಡ್ಡೆ ಸಲ್ಲದು. ಪಂದ್ಯ 9ಕ್ಕೆ ಶುರು. 8:35ರಿಂದ 8:55ರವರೆಗೆ ಎಲ್ಲರ ಜೊತೆ ಈಗ ಹೇಳಿದ ವಾರ್ಮ್ ಅಪ್ ಮಾಡಿದ್ದಾನೆ. ಟಾಸ್ ಗೆದ್ದು ಇವನ ತಂಡ ಬ್ಯಾಟಿಂಗ್ ಆಯ್ದುಕೊಂಡಿತು. ಓವರ್‌ಗೆ ನಾಲ್ಕು ನಿಮಿಷದಂತೆ ಹಿಡಿದರೆ, ಹನ್ನೊಂದನೇ ಓವರ್ ಮುಗಿಯುವ ಹೊತ್ತಿಗೆ ಗಂಟೆ 9:45. ಆಗ ಮೂರನೇ ವಿಕೆಟ್ ಬೀಳುತ್ತದೆ. ಅಲ್ಲಿಯವರೆಗೆ ಅವನು ಪ್ಯಾಡ್ ಕಟ್ಟಿಕೊಂಡು ನೆರಳಲ್ಲಿ ಕೂತಿದ್ದರೆ ಬೆಳಗಿನ ಶ್ರಮದಲ್ಲಿ ಹೆಚ್ಚಿನದೇನೂ ಉಳಿದಿರುವುದಿಲ್ಲ. ಎರಡನೇ ಚೆಂಡನ್ನೇ ಕವರ್ ಕಡೆ ತಟ್ಟಿ ಓಡುತ್ತಾನೆ, ಆಮೇಲಿನದು ನಿಮಗೆ ಗೊತ್ತು.

ಅವನು ಹೀಗೆ ಮಾಡಲಿ. ಎರಡನೇ ವಿಕೆಟ್ ಬಿದ್ದಾಗ, ಅಂದರೆ ಮುಂದಿನ ಸರದಿ ತನ್ನದು ಎಂದಾಗ, ಪ್ಯಾಡ್ ಕಟ್ಟುವುದಕ್ಕೂ ಮುಂಚೆ ಬೌಂಡರಿ ಗೆರೆಯ ಹಿಂದೆ ಹೋಗಿ ಎರಡು ನಿಮಿಷ ಜಾಗ್ ಮಾಡಲಿ. ಒಂದೊಂದು ಕಾಲಿಗೆ ಎಂಟು ಬೀಸು, ಒಂಟಿ ಕಾಲಿನ ಬಾಗುವಿಕೆ ನಾಲ್ಕು. ಪ್ಯಾಡ್ ಕಟ್ಟಿಕೊಳ್ಳಲಿ. ಕಟ್ಟಿದ ಮೇಲೆ ಬ್ಯಾಟ್ ಹಿಡಿದು 18 ಮೀಟರ್‌ನ ಮೂರು ಓಟ: 60, 75, 85. ಪ್ಯಾಡ್ ಕಟ್ಟಿ ಓಡುವಾಗ ಹೆಜ್ಜೆಯ ಅಗಲವೇ ಬದಲಾಗುತ್ತದೆ, ಆದ್ದರಿಂದ ಈ ಮೂರು ಓಟ ಪ್ಯಾಡ್ ಕಟ್ಟಿಯೇ ಆಗಬೇಕು. ಇಷ್ಟಕ್ಕೆ ಪ್ಯಾಡ್ ಕಟ್ಟುವ ಸಮಯ ಬಿಟ್ಟು ಐದು ನಿಮಿಷ ಸಾಕು.

ಇಲ್ಲೊಂದು ತೊಡಕಿದೆ. ಎರಡನೇ ವಿಕೆಟ್ ಆರನೇ ಓವರ್‌ನಲ್ಲೇ ಬಿದ್ದು, ಮೂರನೆಯದು ಹನ್ನೊಂದರವರೆಗೆ ಬೀಳಲಿಲ್ಲ ಅಂದುಕೊಳ್ಳಿ. ಇಪ್ಪತ್ತು ನಿಮಿಷ ಕಳೆಯಿತು, ಬಿಸಿ ಮತ್ತೆ ಇಳಿಯಿತು. ಆದ್ದರಿಂದ ಪ್ಯಾಡ್ ಕಟ್ಟಿದವನು ಕೂರಲೇಬಾರದು ಅನ್ನುವುದಿಲ್ಲ, ಆದರೆ ಪ್ರತಿ ಎರಡನೇ ಓವರ್ ಮುಗಿದಾಗ ಎದ್ದು ಒಂದು ನಿಮಿಷ ಚುರುಕಾಗಿ ನಡೆದು 80ರ ವೇಗದಲ್ಲಿ ಒಂದೇ ಒಂದು ಓಟ ಓಡಲಿ. ಇದರಿಂದ ಸುಸ್ತಾಗುವುದಿಲ್ಲ. ವಿಕೆಟ್ ಬಿದ್ದು ಒಳಗೆ ಹೋಗುವಾಗ ಮೊದಲ ಅರ್ಧ ದೂರ ಜಾಗ್ ಮಾಡುತ್ತಾ ಹೋಗಲಿ. ಮೊದಲ ಒಂದೆರಡು ಓವರ್ ಕಷ್ಟದ ರನ್‌ಗೆ ಕರೆಯಬೇಡ ಎಂದು ಜೊತೆಗಾರನಿಗೆ ಹೇಳುವುದರಲ್ಲಿ ನಾಚಿಕೆ ಏನಿಲ್ಲ. ನಾನ್ ಸ್ಟ್ರೈಕರ್ ತುದಿಯಲ್ಲಿ ಪ್ರತಿ ಚೆಂಡಿಗೂ ನಾಲ್ಕೈದು ಹೆಜ್ಜೆ ಮುಂದೆ ಬಂದು ಹಿಂದಿರುಗುವ ಅಭ್ಯಾಸವೂ ಕಾಲನ್ನು ಬಿಸಿಯಾಗಿಡುತ್ತದೆ.

ಫೀಲ್ಡಿಂಗ್‌ನಲ್ಲಿ ಇಷ್ಟು ಲೆಕ್ಕ ಬೇಡ. ಓವರ್ ಬದಲಾದಾಗ ಜಾಗ ಬದಲಿಸುವವರು ನಡೆಯುವ ಬದಲು ಓಡಿದರೆ ಸಾಕು. ಇನಿಂಗ್ಸ್‌ಗಳ ನಡುವಿನ ವಿರಾಮದ ನಂತರ ಮಾತ್ರ ಏಣಿಯ ಕೊನೆಯ ಮೂರು ಮೆಟ್ಟಿಲನ್ನು ಎಲ್ಲರೂ ಮತ್ತೆ ಓಡಿಯೇ ಮೈದಾನಕ್ಕಿಳಿಯಬೇಕು. ಎರಡನೇ ಇನಿಂಗ್ಸ್‌ನ ಮೊದಲ ಓವರ್‌ನಲ್ಲಿ ಚೆಂಡಿನ ಹಿಂದೆ ಓಡಿ ಬಿದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಷ್ಟೆಲ್ಲ ಮಾಡಿದರೂ ವಾರ್ಮ್ ಅಪ್‌ಗೆ ಒಂದು ಮಿತಿ ಇದೆ. ಅದು ಇರುವ ಬಲವನ್ನು ಕೆಲಸಕ್ಕೆ ಎಬ್ಬಿಸುತ್ತದೆ, ಇಲ್ಲದ ಬಲವನ್ನು ಕೊಡಲಾರದು. ವಾರದ ನಡುವೆ, ಪಂದ್ಯಕ್ಕೆ ಮೂರು ದಿನ ಇರುವಾಗ, ಒಂದು ಸಲ ಈ ಏಣಿಯನ್ನು ಓಡಿದರೆ ಏಳು ದಿನಗಳ ಅಂತರ ನಾಲ್ಕು ದಿನಕ್ಕೆ ಇಳಿಯುತ್ತದೆ. ಅದೇ ದಿನ ನಾರ್ಡಿಕ್ ವ್ಯಾಯಾಮ ಮಾಡಿ: ಮಂಡಿಯೂರಿ ಕೂತು, ಹಿಂದಿನಿಂದ ಒಬ್ಬರು ಹಿಮ್ಮಡಿ ಹಿಡಿದಿರುವಾಗ, ಮಂಡಿಯಿಂದ ತಲೆಯವರೆಗೆ ಮೈ ನೇರ ಇಟ್ಟು ನಿಧಾನವಾಗಿ ಮುಂದಕ್ಕೆ ಬಾಗಿ ಕೊನೆಗೆ ಕೈಯೂರುವುದು. ಇದನ್ನು ಕ್ರಮವಾಗಿ ಮಾಡುವ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಅರ್ಧದಷ್ಟು ಕಡಿಮೆಯಾಗುತ್ತವೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಕಂಡುಬಂದಿದೆ. ಐದರಂತೆ ಎರಡು ಸುತ್ತು ಸಾಕು. ಮೊದಲ ವಾರಗಳಲ್ಲಿ ಎರಡು ದಿನ ತೊಡೆ ನೋಯುತ್ತದೆ. ಅದಕ್ಕೇ ಪಂದ್ಯದ ಹಿಂದಿನ ದಿನ ಬೇಡ ಅನ್ನುವುದು.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ಹಾಗಾದ್ರೆ ಸರ್, ಬಗ್ಗಿ ಕಾಲ್ಬೆರಳು ಮುಟ್ಟಿ ಹಿಡ್ಕೊಳ್ಳೋದು ತಪ್ಪಾ?" ತಪ್ಪಲ್ಲ. ಅರ್ಧ ನಿಮಿಷದೊಳಗೆ ಹಿಡಿದು ಬಿಟ್ಟರೆ ಕೇಡೇನಿಲ್ಲ, ಅದರಿಂದ ಹಾಯೆನಿಸಿದರೆ ಮಾಡಿ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ಸ್ವಲ್ಪ ಹೊತ್ತು ಅದರ ಬಲ ತುಸು ಕುಗ್ಗುತ್ತದೆ. ಓಟಕ್ಕೆ ಮುಂಚೆ ಅದು ಬೇಡ. ಮುಖ್ಯವಾಗಿ, ನಿಂತು ಎಳೆಯುವುದರಿಂದ ಮೈ ಬಿಸಿಯಾಗುವುದಿಲ್ಲ. ಮಾಡುವುದಿದ್ದರೆ ಮೊದಲ ಐದು ನಿಮಿಷದ ಜಾಗಿಂಗ್ ಆದಮೇಲೆ ಮಾಡಿ, ನಂತರ ಏಣಿ ಓಡಿ.

ಇನ್ನೊಬ್ಬರ ಪ್ರಶ್ನೆ, ಸೆಳೆತಕ್ಕೂ ಹರಿಯುವುದಕ್ಕೂ ವ್ಯತ್ಯಾಸ ಗುರುತಿಸುವುದು ಹೇಗೆ ಎಂದು. ಸೆಳೆತ ಬಂದಾಗ ಸ್ನಾಯು ಕಲ್ಲಿನಂತೆ ಗಟ್ಟಿಯಾಗಿ ಕೈಗೆ ಸಿಗುತ್ತದೆ, ಮೆಲ್ಲಗೆ ಎಳೆದರೆ ಬಿಡುತ್ತದೆ, ಕೆಲವು ನಿಮಿಷದಲ್ಲಿ ನಡೆಯಬಹುದು. ಸಾಮಾನ್ಯವಾಗಿ ಅದು ಆಟದ ಕೊನೆಯಲ್ಲಿ ದಣಿದಾಗ ಬರುತ್ತದೆ. ಹರಿದಾಗ ನೋವು ಒಂದೇ ಕ್ಷಣದಲ್ಲಿ, ಓಡುತ್ತಿರುವಾಗಲೇ ಬರುತ್ತದೆ, ಬೆರಳಿಟ್ಟು ತೋರಿಸಬಹುದಾದ ಒಂದು ಜಾಗದಲ್ಲಿ ಒತ್ತಿದರೆ ನೋಯುತ್ತದೆ, ಎಳೆದರೆ ನೋವು ಹೆಚ್ಚುತ್ತದೆ. ಹರಿದದ್ದು ಎಂದು ಅನುಮಾನ ಬಂದರೆ ಎಳೆಯಬೇಡಿ, ಉಜ್ಜಬೇಡಿ, "ಇನ್ನೊಂದು ಓವರ್ ನೋಡೋಣ" ಅನ್ನಬೇಡಿ. ಹೊರಗೆ ಬಂದು ಬ್ಯಾಂಡೇಜ್ ಬಿಗಿದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಹಿಮ್ಮಡಿಯ ಮೇಲ್ಭಾಗದಲ್ಲಿ ಹಿಂದಿನಿಂದ ಯಾರೋ ಒದ್ದ ಹಾಗಾಗಿ, ತಿರುಗಿ ನೋಡಿದರೆ ಯಾರೂ ಇಲ್ಲದೆ, ಆ ಮುಂಗಾಲಿನ ಮೇಲೆ ಏರಲು ಆಗದಿದ್ದರೆ ಅಕಿಲಿಸ್ ರಜ್ಜು ತುಂಡಾಗಿರಬಹುದು. ಅವತ್ತೇ ವೈದ್ಯರಿಗೆ ತೋರಿಸಿ.

ಹೃದಯದ ಬಗ್ಗೆಯೂ ಒಬ್ಬರು ಕೇಳಿದರು, ಕೇಳಿದ್ದು ಒಳ್ಳೆಯದಾಯಿತು. ಹೃದಯದ ತೊಂದರೆ, ಹೆಚ್ಚಿನ ರಕ್ತದೊತ್ತಡ, ಮಧುಮೇಹ ಇರುವವರು ಸ್ಪ್ರಿಂಟ್‌ಗಳನ್ನು ಶುರು ಮಾಡುವ ಮುಂಚೆ ತಮ್ಮ ವೈದ್ಯರ ಜೊತೆ ಮಾತಾಡಿಕೊಳ್ಳಬೇಕು. ಯಾರಿಗೇ ಆಗಲಿ, ವಾರ್ಮ್ ಅಪ್ ವೇಳೆ ಎದೆ ಬಿಗಿಯುವುದು, ದವಡೆಗೋ ಎಡಗೈಗೋ ನೋವು ಹರಡುವುದು, ತಲೆ ಸುತ್ತುವುದು, ಎಂದೂ ಇಲ್ಲದ ಏದುಸಿರು ಬಂದರೆ ಅವತ್ತು ಆಟ ಇಲ್ಲ. ಕೂತು ಸುಧಾರಿಸಿಕೊಂಡು ಮತ್ತೆ ಇಳಿಯುವ ಮಾತೂ ಇಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೊನೆಯ ಪ್ರಶ್ನೆ ಎಲ್ಲ ತಂಡಗಳಲ್ಲೂ ಇರುವಂಥದ್ದು: "ಟಾಸ್ ಆದಮೇಲೆ ಬರೋವ್ರಿಗೆ ಏನ್ ಹೇಳ್ತೀರಿ? ಐದೇ ನಿಮಿಷ ಇರುತ್ತೆ." ಐದೇ ನಿಮಿಷ ಇದ್ದರೆ ಎರಡು ನಿಮಿಷ ಜಾಗ್ ಮಾಡಿ, ಒಂದೊಂದು ಕಾಲಿಗೆ ಎಂಟು ಬೀಸು ಮುಗಿಸಿ, ಉಳಿದ ಸಮಯದಲ್ಲಿ 50, 65, 80ರ ಮೂರು ಓಟ ಓಡಿ. ಕ್ಯಾಚ್ ಅಭ್ಯಾಸ ಬಿಡಿ. ಇಷ್ಟು ಪೂರ್ತಿ ತಯಾರಿ ಅಲ್ಲ, ಆದ್ದರಿಂದ ಕ್ಯಾಪ್ಟನ್ ಅವರನ್ನು ಮೊದಲ ನಾಲ್ಕು ಓವರ್ ಸ್ಲಿಪ್‌ನಲ್ಲೋ ಶಾರ್ಟ್ ಮಿಡ್‌ವಿಕೆಟ್‌ನಲ್ಲೋ ನಿಲ್ಲಿಸಲಿ. ಪ್ರತಿ ಓವರ್‌ನ ಕೊನೆಗೆ ಪಿಚ್‌ನ ಉದ್ದದಷ್ಟು ದೂರವನ್ನು ಔಟ್‌ಫೀಲ್ಡ್‌ನಲ್ಲಿ ಒಮ್ಮೆ ಓಡಲಿ, ಪ್ರತಿ ಸಲ ಸ್ವಲ್ಪ ಜೋರಾಗಿ. ಐದನೇ ಓವರ್‌ಗೆ ಅವರನ್ನು ಬೌಂಡರಿಗೆ ಕಳಿಸಬಹುದು.